ಕೆಲಸದಲ್ಲಿ ಹಿಂದೆ ಬಿದ್ದ ಗೆಳತಿಗೆ ಅದನ್ನು ಹೇಳೋದು ಹೇಗೆ?

*ಹುಬ್ಬಳ್ಳಿಯ ಒಂದು ತೆರಿಗೆ ಸಲಹಾ ಕಚೇರಿಯಲ್ಲಿ ಐದು ಜನರ ಜಿಎಸ್‌ಟಿ ತಂಡ ನೋಡಿಕೊಳ್ಳುತ್ತೇನೆ. ಅದರಲ್ಲೊಬ್ಬಳು ಪಿಯುಸಿಯಿಂದ ನನ್ನ ಜೀವದ ಗೆಳತಿ. ಅವಳನ್ನು ಕೆಲಸಕ್ಕೆ ಸೇರಿಸಿದವಳೂ ನಾನೇ. ಅವಳ ಪಾಲಿನ 34 ಪಾರ್ಟಿಗಳಲ್ಲಿ ಹೋದ ಮೂರು ತಿಂಗಳು 7, 9, 11 ಪಾರ್ಟಿಗಳ ಜಿಎಸ್‌ಟಿಆರ್-1, ಅಂದರೆ 11ರೊಳಗೆ ಹೋಗಬೇಕಾದ ಮಾರಾಟದ ರಿಟರ್ನ್, ತಡವಾಯಿತು. ಒಬ್ಬ ಹಾರ್ಡ್‌ವೇರ್ ವ್ಯಾಪಾರಿಗೆ ಬರಬೇಕಿದ್ದ 54,000 ರೂಪಾಯಿಯನ್ನು ಅವರ ಗಿರಾಕಿ ಇದೇ ಕಾರಣಕ್ಕೆ ತಡೆಹಿಡಿದಿದ್ದಾರೆ. ರಾತ್ರಿ ಕೂತು ಅವಳ ಕೆಲಸ ನಾನೇ ಮುಗಿಸುತ್ತಿದ್ದೇನೆ. ತಂಡದವರಿಗೆ ಗೊತ್ತಾಗಿದೆ. ಸಾಹೇಬರು ಮುಂದಿನ ತಿಂಗಳು ಎಲ್ಲರ ಕೆಲಸದ ವರದಿ ಕೇಳಿದ್ದಾರೆ. ಅವಳಿಗೆ ಹೇಗೆ ಹೇಳಲಿ?*

ಮೊದಲು ರಾತ್ರಿ ಕೆಲಸ ನಿಲ್ಲಿಸಿ. ನೀವು ತಿದ್ದುತ್ತಿರುವಷ್ಟು ದಿನ ಅವಳಿಗೆ ತನ್ನ ತಪ್ಪಿನ ಅಳತೆಯೇ ಸಿಗುವುದಿಲ್ಲ. ಅವಳ ಕಣ್ಣಿಗೆ ಕಾಣುವುದು ಎಲ್ಲಾ ರಿಟರ್ನ್ ಹೋಗಿರುವುದಷ್ಟೇ. ನಾಳೆ ನೀವು "ನಿನ್ನ ಕೆಲಸ ಸರಿಯಿಲ್ಲ" ಎಂದರೆ ಅದು ಆಕಾಶದಿಂದ ಬಿದ್ದಂತೆ ಆಗುತ್ತದೆ, ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದು ಅವಳು ಕೇಳಿದರೆ ನಿಮ್ಮಲ್ಲಿ ಉತ್ತರವಿರುವುದಿಲ್ಲ. ಹಾಗಾಗಿ ಮಾತಿನ ಶುರುವಿನಲ್ಲೇ ಒಪ್ಪಿಕೊಳ್ಳಿ: ಮೂರು ತಿಂಗಳು ಮುಚ್ಚಿಟ್ಟದ್ದು ನಿಮ್ಮ ತಪ್ಪು.

ಮಾತಿಗೆ ಮುಂಚೆ ಒಂದು ಗಂಟೆ ಅವಳ ಕಡತಗಳ ಜೊತೆ ಕೂರಿ. ಹೋದ ತಿಂಗಳು ತಡವಾದ 11 ಪಾರ್ಟಿಗಳಿಗೆ ಮೂರು ತಾರೀಖು ಬರೆದುಕೊಳ್ಳಿ: ಮಾರಾಟದ ಲೆಕ್ಕ ಪಾರ್ಟಿಯಿಂದ ಬಂದದ್ದು ಯಾವಾಗ, ಅವಳು ಕೈಗೆತ್ತಿಕೊಂಡದ್ದು ಯಾವಾಗ, ರಿಟರ್ನ್ ಹೋದದ್ದು ಯಾವಾಗ. ಕಾರಣ ಅಲ್ಲೇ ಕಾಣುತ್ತದೆ. ಲೆಕ್ಕ ಬಂದದ್ದೇ 10ಕ್ಕೆ ಎಂದಾದರೆ ಅವಳು ಪಾರ್ಟಿಗಳ ಬೆನ್ನು ಹತ್ತುತ್ತಿಲ್ಲ. ದಬಾಯಿಸುವ ಪಾರ್ಟಿಗಳಿಗೆ ಫೋನ್ ಮಾಡಲು ಹಿಂಜರಿಯುವವರು ಬಹಳ. ಲೆಕ್ಕ 4ಕ್ಕೇ ಬಂದು 12ರವರೆಗೆ ಮುಟ್ಟದೇ ಬಿದ್ದಿದ್ದರೆ ಮನೆಯಲ್ಲೋ ಮನಸ್ಸಿನಲ್ಲೋ ಬೇರೆ ಏನೋ ಇದೆ, ಇಲ್ಲವೇ 34 ಅವಳಿಗೆ ಹೆಚ್ಚಾಗಿದೆ. ಸಮಯಕ್ಕೆ ಹಾಕಿಯೂ ಜಿಎಸ್‌ಟಿ ನಂಬರ್ ತಪ್ಪಿದ್ದರೆ, ನಂಬರ್ ಇರುವ ಗಿರಾಕಿಯ ಬಿಲ್ಲು ನಂಬರ್ ಇಲ್ಲದವರ ಬಿ2ಸಿ ಪಟ್ಟಿಯಲ್ಲಿ ಸೇರಿದ್ದರೆ, ಅದು ಅವಸರ ಅಥವಾ ತಿಳಿವಳಿಕೆಯ ಕೊರತೆ. ಈ ಮೂರಕ್ಕೂ ಮದ್ದು ಬೇರೆ ಬೇರೆ. ಎಲ್ಲವನ್ನೂ "ಬೇಜವಾಬ್ದಾರಿ" ಎಂಬ ಒಂದೇ ಮಾತಿಗೆ ಕಟ್ಟಿದರೆ ಜಗಳವಾಗುತ್ತದೆ, ಕೆಲಸ ಸುಧಾರಿಸುವುದಿಲ್ಲ.

ಯಾವಾಗ ಕೂರಬೇಕು ಎನ್ನುವುದನ್ನು ನಿಮ್ಮ ಕೆಲಸದ ಕ್ಯಾಲೆಂಡರೇ ಹೇಳುತ್ತದೆ. 11ರ ಆಸುಪಾಸು ಬೇಡ, ಆಗ ಇಬ್ಬರಿಗೂ ತಲೆ ಬಿಸಿ. 20ಕ್ಕೆ ತೆರಿಗೆ ಕಟ್ಟುವ ರಿಟರ್ನ್ 3ಬಿ ಮುಗಿದ ಮೇಲೆ, 22ರಿಂದ 25ರೊಳಗೆ, ವಾರದ ನಡುವಿನ ಒಂದು ದಿನ ಮಧ್ಯಾಹ್ನ ಮೂರೂವರೆಗೆ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಅತ್ತರೆ ಸ್ವಲ್ಪ ಬೇಗ ಮನೆಗೆ ಹೋಗಬಹುದು, ಮರುದಿನ ಮತ್ತೆ ಮುಖ ನೋಡಿ ಮಾತಾಡಬಹುದು. ಶನಿವಾರ ಹೇಳಿದರೆ ಭಾನುವಾರವಿಡೀ ಅವಳು ಅದನ್ನೇ ಅರೆಯುತ್ತಾಳೆ. ಜಾಗ ಕಚೇರಿಯ ಒಳಕೋಣೆಯೇ ಆಗಲಿ. ನೀವಿಬ್ಬರೂ ಗಿರ್ಮಿಟ್ ತಿನ್ನುವ ಅಂಗಡಿಯಾಗಲಿ, ಅವಳ ಮನೆಯಾಗಲಿ, ವಾಟ್ಸ್ಯಾಪಾಗಲಿ ಬೇಡ. ಆ ಜಾಗಗಳು ಗೆಳೆತನಕ್ಕೆ ಉಳಿಯಲಿ.

ಮೊದಲ ಎರಡು ನಿಮಿಷದ ಮಾತನ್ನು ಬರೆದು, ಬಾಯಿಬಿಟ್ಟು ಹೇಳಿ ನೋಡಿ. ನಿಮ್ಮ ಮಾತಿನಲ್ಲೇ ಇರಲಿ, ಹೆಚ್ಚುಕಡಿಮೆ ಹೀಗೆ:

"ಇವತ್ತು ಕೆಲಸದ ಮಾತಿಗೆ ಕರದೀನಿ. ಕೇಳಾಕ ಹಿತ ಇರಂಗಿಲ್ಲ. ನಾ ಮೊದಲು ಹೇಳಿ ಮುಗಸ್ತೀನಿ, ಆಮ್ಯಾಲ ನೀ ಹೇಳು. ಹೋದ ತಿಂಗಳು ನಿನ್ನ 34ರಾಗ 11 ಪಾರ್ಟಿದು ತಡ ಆತು. ಹಾರ್ಡ್‌ವೇರ್ ಅಂಗಡಿ ಲೆಕ್ಕ ನಾಕಕ್ಕ ಬಂದಿತ್ತು, ರಿಟರ್ನ್ ಹೋಗಿದ್ದು ಹದಿನೈದಕ್ಕ. ಹದಿನಾಕಕ್ಕ ತಯಾರಾದ ಗಿರಾಕಿಯ 2ಬಿ ಪಟ್ಟಿಯೊಳಗ ಅವರ ಬಿಲ್ಲು ಬರಲಿಲ್ಲ, ತೆರಿಗೆ ಜಮೆ ಸಿಗಲಿಲ್ಲಂತ ಗಿರಾಕಿ 54,000 ಹಿಡಕೊಂಡ. ರಾತ್ರಿ ಕುಂತು ನಾ ತಿದ್ದಿದೆ, ನಿನಗ ಹೇಳಲಿಲ್ಲ. ಅದು ನನ್ನ ತಪ್ಪು. ಇನ್ನ ಮುಂದ ತಿದ್ದಂಗಿಲ್ಲ. ಏನಾಗೇತಿ ಹೇಳು."

ಅಲ್ಲಿಗೆ ಬಾಯಿ ಮುಚ್ಚಿ. ನಿಜವಾಗಿ ಕಷ್ಟದ ಹೊತ್ತು ಇದೇ. ಗೆಳತಿಯ ಮುಖ ಸಣ್ಣದಾದ ಕೂಡಲೇ "ಇರ್ಲಿ ಬಿಡು, ಅಂಥಾದ್ದೇನಲ್ಲ" ಎಂದು ನಾಲಿಗೆಗೆ ಬರುತ್ತದೆ. ಅದೊಂದು ಮಾತು ಬಿದ್ದರೆ ಹಿಂದೆ ಹೇಳಿದ್ದೆಲ್ಲ ಅಳಿಸಿಹೋಗುತ್ತದೆ. ಹೊಗಳಿಕೆಯ ನಡುವೆ ತಪ್ಪನ್ನು ಸುತ್ತಿ ಕೊಡುವ ಉಪಾಯವೂ ಬೇಡ. ನಿಮ್ಮ ಪ್ರೀತಿ ಗೊತ್ತಿರುವವಳು ಹೊಗಳಿಕೆಯನ್ನಷ್ಟೇ ಮನೆಗೆ ಒಯ್ಯುತ್ತಾಳೆ.

ಎರಡು ಮಾತು ಬಂದೇ ಬರುತ್ತವೆ, ಸಿದ್ಧವಾಗಿರಿ. "ಉಳಿದವರೇನು ತಪ್ಪೇ ಮಾಡಂಗಿಲ್ಲೇನು?" ಎಂದರೆ, "ಅವರದ್ದು ಅವರ ಜೋಡಿ ಮಾತಾಡ್ತೀನಿ, ಈಗ ನಿನ್ನ ಹನ್ನೊಂದು ನೋಡೂಣು" ಎನ್ನಿ. ಇನ್ನೊಬ್ಬರ ಲೆಕ್ಕ ತೆಗೆದಿರೋ, ಮುಕ್ಕಾಲು ಗಂಟೆ ಅದರಲ್ಲೇ ಮುಗಿಯುತ್ತದೆ. "ಸಾಹೇಬರಿಗೆ ಹೇಳಬ್ಯಾಡ" ಎಂದರೆ ಆಣೆ ಕೊಡಬೇಡಿ. ನೀವು ಗೆಳತಿಯರೆಂದು, ತಡವಾದ ಸಂಖ್ಯೆ ಇಷ್ಟೆಂದು, ಎರಡು ತಿಂಗಳ ಯೋಜನೆ ಹಾಕಿಕೊಂಡಿದ್ದೀರೆಂದು ಅದೇ ವಾರ ಸಾಹೇಬರಿಗೆ ನೀವೇ ಹೇಳಬೇಕು. ಮೊದಲು ಅವಳಿಗೆ, ಆಮೇಲೆ ಅವರಿಗೆ. ಈ ಕ್ರಮ ತಪ್ಪಿದರೆ ಅವಳು ನಿಮ್ಮನ್ನು ಮತ್ತೆ ನಂಬುವುದು ಕಷ್ಟ. ಅವಳ ಮನೆಯ ಸಂಕಟವೇನಾದರೂ ಹೊರಬಂದರೆ ಅದು ಮಾತ್ರ ನಿಮ್ಮಲ್ಲೇ ಉಳಿಯಲಿ, ಅವಳ ಒಪ್ಪಿಗೆಯಿಲ್ಲದೆ ಎಲ್ಲೂ ಆಡಬೇಡಿ. ಈ ಸಲದ ವರದಿಯಲ್ಲಿ ಅವಳ ಬಗ್ಗೆ ಅಂಕಿಗಳನ್ನಷ್ಟೇ ಕೊಟ್ಟು, ತೀರ್ಮಾನ ಸಾಹೇಬರೇ ಮಾಡಲಿ ಎಂದು ಕೇಳಿಕೊಳ್ಳಿ.

ಯೋಜನೆ ಎರಡು ತಿಂಗಳದ್ದು, ಏಕೆಂದರೆ ತಿಂಗಳಿಗೆ ಒಂದೇ ಸಲ ಬರುವ ಕೆಲಸದಲ್ಲಿ ಒಂದು ತಿಂಗಳು ನೋಡಿ ಏನೂ ಹೇಳಲಾಗದು. 1ನೇ ಮತ್ತು 5ನೇ ತಾರೀಖು ಎಲ್ಲ ಪಾರ್ಟಿಗಳಿಗೂ ಫೋನ್, ಮಾಡಿದ್ದರ ಗುರುತು ಹಾಳೆಯಲ್ಲಿ. 8ರೊಳಗೆ ಎಂಟ್ರಿ. 9ಕ್ಕೆ ತಂಡದ ಇನ್ನೊಬ್ಬರಿಂದ ತಾಳೆ; ನೀವು ಮಾಡಿದರೆ ಹಳೇ ರಾತ್ರಿ ಕೆಲಸವೇ ಮತ್ತೆ ಶುರುವಾಗುತ್ತದೆ. 10ಕ್ಕೆ ಸಲ್ಲಿಕೆ. ಮೊದಲ ತಿಂಗಳು ತಡ ಮೂರಕ್ಕಿಂತ ಹೆಚ್ಚಾಗಬಾರದು, ಆ ಮೂರೂ ಪಾರ್ಟಿಯೇ ಲೆಕ್ಕ ಕೊಡದ್ದರಿಂದ ಆಗಿರಬೇಕು. ಎರಡನೇ ತಿಂಗಳು ಅವಳ ಕಡೆಯಿಂದ ಒಂದೂ ತಡವಿಲ್ಲ. ಹೊರೆಯೇ ಹೆಚ್ಚೆಂದು ಕಂಡರೆ ಐದಾರು ಪಾರ್ಟಿಗಳನ್ನು ಬೇರೆಯವರಿಗೆ ಕೊಡಿ, ಆದರೆ ಎಂದು ವಾಪಸ್ ಬರುತ್ತವೆ ಎನ್ನುವುದನ್ನು ಕೊಡುವಾಗಲೇ ಹೇಳಿ. ಇಲ್ಲದಿದ್ದರೆ ತಂಡದ ಮುನಿಸು ಎರಡರಷ್ಟಾಗುತ್ತದೆ. ಇದನ್ನೆಲ್ಲ ಅದೇ ಸಂಜೆ ಐದಾರು ಸಾಲಿನ ಮೇಲ್‌ನಲ್ಲಿ ಅವಳಿಗೆ ಕಳಿಸಿ. ಆಮೇಲೆ 3, 8 ಮತ್ತು 12ಕ್ಕೆ ಹದಿನೈದು ನಿಮಿಷ ಹಾಳೆ ಹಿಡಿದು ಕೂತರೆ ಸಾಕು, ದಿನಾ ಅವಳ ಮೇಜಿನ ಹತ್ತಿರ ಸುಳಿಯುವುದು ಬೇಡ.

ಎರಡು ತಿಂಗಳಾದರೂ ಅಂಕಿ ಇಳಿಯದಿದ್ದರೆ ರಿಟರ್ನ್ ಕೆಲಸ ಅವಳಿಗೆ ಹೊಂದುತ್ತಿಲ್ಲ ಎಂದೇ ಅರ್ಥ. ನೋಂದಣಿ, ನೋಟಿಸಿಗೆ ಉತ್ತರ, 2ಬಿ ತಾಳೆ ನೋಡುವುದು, ಹೀಗೆ ಪ್ರತಿ ತಿಂಗಳ ಗಡುವು ಅಷ್ಟು ಕತ್ತು ಹಿಡಿಯದ ಕೆಲಸ ಕಚೇರಿಯಲ್ಲಿದ್ದರೆ ಸಾಹೇಬರ ಮುಂದಿಡಿ. ಆಮೇಲಿನದು ಅವರ ನಿರ್ಧಾರ, ಅದನ್ನು ನೀವು ಹೆಗಲಿಗೆ ಹಾಕಿಕೊಳ್ಳಬೇಡಿ.

ಮಾತಾದ ದಿನ ಸಂಜೆ ಸಮಾಧಾನ ಮಾಡಲು ಫೋನ್ ಮಾಡಬೇಡಿ. ಅವಳು ಒಂದೆರಡು ವಾರ ಬುತ್ತಿ ಬಿಚ್ಚಲು ನಿಮ್ಮ ಹತ್ತಿರ ಬರದೇ ಇರಬಹುದು, ನೋವಾಗುತ್ತದೆ, ತಡೆದುಕೊಳ್ಳಿ. ಭಾನುವಾರ ಎಂದಿನಂತೆ ಕರೆಯಿರಿ. ಬಂದರೆ ಕಚೇರಿಯ ಮಾತು ತೆಗೆಯಬೇಡಿ, ಅವಳೇ ತೆಗೆದರೂ "ಅದು ಮೂರಕ್ಕ ಕುಂತಾಗ ನೋಡೂಣು" ಎಂದು ಬಿಡಿ.