ಮಿನಿಟ್ಸ್‌ನಲ್ಲಿ ‘ಸಂಬಂಧಪಟ್ಟವರು’ ಎಂದು ಬರೆಯಬೇಡಿ

ಪ್ರಶ್ನೆ: ನಮ್ಮದು ಶೀಟ್ ಮೆಟಲ್ ಕಾರ್ಖಾನೆ. ಎರಡು ಗುಂಡಿಯ ಪವರ್ ಪ್ರೆಸ್‌ನಲ್ಲಿ ಒಬ್ಬರ ಬೆರಳ ತುದಿ ಜಜ್ಜಿತು. ಒಂದು ಗುಂಡಿಗೆ ಟೇಪ್ ಸುತ್ತಿದ್ದರು. ಸುರಕ್ಷತಾ ಸಮಿತಿ ಸಭೆಯ ಮಿನಿಟ್ಸ್ ನಾನು ಬರೆಯಬೇಕು. ಸೂಪರ್‌ವೈಸರ್‌ಗಳು ‘ನಮ್ಮ ಹೆಸರು ಹಾಕಬೇಡಿ, ಮೆಂಟೆನೆನ್ಸ್ ವಿಭಾಗ ಅಂತ ಬರೀರಿ’ ಎನ್ನುತ್ತಿದ್ದಾರೆ. ಹಾಗೆ ಬರೆದರೆ ನಡೆಯುತ್ತದೆಯೇ?

ಉತ್ತರ: ನಡೆಯುವುದಿಲ್ಲ. ಮುಂದಿನ ಸಭೆಯಲ್ಲಿ ವಿಭಾಗವನ್ನು ಎದುರು ಕೂರಿಸಿ ‘ಯಾಕೆ ಆಗಿಲ್ಲ’ ಎಂದು ಕೇಳಲು ಬರುವುದಿಲ್ಲ. ಈ ಪ್ರಶ್ನೆ ಪದೇ ಪದೇ ಬರುತ್ತದೆ. ಹೆಸರಿಲ್ಲದ ಕೆಲಸಗಳೇ ಮೂರು ಸಭೆ ದಾಟಿದರೂ ‘ಪ್ರಗತಿಯಲ್ಲಿದೆ’ ಎಂದು ಉಳಿದಿರುತ್ತವೆ.

ಸೂಪರ್‌ವೈಸರ್‌ಗಳ ಹೆದರಿಕೆಗೆ ಕಾರಣವಿದೆ. ತಪ್ಪು ಯಾರದು ಎಂಬುದನ್ನೂ ಸರಿ ಮಾಡುವವರು ಯಾರು ಎಂಬುದನ್ನೂ ಅನೇಕ ಕಡೆ ಒಂದೇ ಸಾಲಿನಲ್ಲಿ ಬರೆಯುತ್ತಾರೆ. ಮಿನಿಟ್ಸ್‌ನಲ್ಲಿ ಬೇಕಿರುವುದು ಎರಡನೆಯದು ಮಾತ್ರ. ಕ್ರಮಗಳ ಪಟ್ಟಿಯ ತಲೆಯ ಮೇಲೆ ‘ಇದು ಕೆಲಸ ಮುಗಿಸುವ ಹೊಣೆ, ಅಪಘಾತದ ಆರೋಪವಲ್ಲ’ ಎಂದು ಒಂದು ಸಾಲು ಬರೆದುಬಿಡಿ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 92ನೇ ಕಲಂ ಉಲ್ಲಂಘನೆಯ ಹೊಣೆಯನ್ನು ಹೊರಿಸಿದ್ದು ಕಾರ್ಖಾನೆಯ ಮೇಲೆ ಅಂತಿಮ ಹಿಡಿತವಿರುವ ಆಕ್ಯುಪೈಯರ್ ಮತ್ತು ಮ್ಯಾನೇಜರ್ ಮೇಲೆ. ಮಿನಿಟ್ಸ್‌ನಲ್ಲಿ ಒಬ್ಬ ಸೂಪರ್‌ವೈಸರ್ ಹೆಸರು ಬಂದ ಮಾತ್ರಕ್ಕೆ ಆ ಭಾರ ಅವರ ಹೆಗಲಿಗೆ ಜಾರುವುದಿಲ್ಲ. ಇದನ್ನು ಅವರಿಗೆ ಬಿಡಿಸಿ ಹೇಳಿ.

ಈಗ ಘಟನೆಯನ್ನು ಬರೆಯುವ ರೀತಿ. ‘ಆಪರೇಟರ್ ನಿರ್ಲಕ್ಷ್ಯದಿಂದ ಬೆರಳಿಗೆ ಗಾಯ’ ಎಂದು ಬರೆದರೆ ವಿಮರ್ಶೆ ಅಲ್ಲಿಗೇ ಮುಗಿಯಿತು. ಅದರ ಮುಂದೆ ಬರೆಯಲು ಉಳಿಯುವುದು ‘ಎಚ್ಚರಿಕೆ ನೀಡಲಾಯಿತು’ ಎಂಬ ಸಾಲೊಂದೇ, ಪ್ರೆಸ್ ಮಾತ್ರ ಇದ್ದ ಹಾಗೇ ಇರುತ್ತದೆ. ಕಣ್ಣಿಗೆ ಕಂಡದ್ದನ್ನು ನಡೆದ ಕ್ರಮದಲ್ಲಿ ಬರೆಯಿರಿ. ಉದಾಹರಣೆಗೆ: ‘ಪ್ರೆಸ್ ನಂಬರ್ 4, ಬಿ ಶಿಫ್ಟ್, ರಾತ್ರಿ 8.40. ಆಪರೇಟರ್ ಪೀಸ್ ಕದಲದಂತೆ ಎಡಗೈಯಲ್ಲಿ ಹಿಡಿದು ಬಲ ಗುಂಡಿ ಒತ್ತಿದರು. ಎಡ ಗುಂಡಿ ಟೇಪ್‌ನಿಂದಾಗಿ ಮೊದಲೇ ಒತ್ತಿಕೊಂಡಿತ್ತು. ರ‍್ಯಾಮ್ ಇಳಿದು ಎಡ ತೋರುಬೆರಳ ತುದಿ ಜಜ್ಜಿತು.’ ಗಾಯಗೊಂಡವರ ಹೆಸರಿನ ಬದಲು ಟೋಕನ್ ನಂಬರ್ ಸಾಕು. ಟೇಪ್ ಇದ್ದ ಗುಂಡಿಯ ಫೋಟೊವನ್ನು ಟೇಪ್ ಕೀಳುವ ಮೊದಲೇ ತೆಗೆದು ಮಿನಿಟ್ಸ್‌ಗೆ ಲಗತ್ತಿಸಬೇಕು. ಗಾಬರಿಯಲ್ಲಿ ಮೊದಲು ಮಾಯವಾಗುವ ಸಾಕ್ಷ್ಯ ಅದೇ.

ಆಮೇಲೆ ಕೇಳಬೇಕಾದ್ದು, ಟೇಪ್ ಯಾಕೆ ಸುತ್ತಿದರು? ಇದನ್ನು ಆಪರೇಟರನ್ನೂ ಡೈ ಸೆಟ್ಟರನ್ನೂ ಬೇರೆ ಬೇರೆ ಕೂರಿಸಿ ಕೇಳಿ, ದನಿ ಏರಿಸಬೇಡಿ. ಬಹಳ ಸಲ ಸಿಗುವ ಉತ್ತರ: ಡೈಯಲ್ಲಿ ಲೊಕೇಟಿಂಗ್ ಪಿನ್ ಸವೆದಿದೆ, ಪೀಸ್ ನಿಲ್ಲುವುದಿಲ್ಲ, ಕೈಯಲ್ಲಿ ಹಿಡಿಯದಿದ್ದರೆ ರಿಜೆಕ್ಷನ್ ಬರುತ್ತದೆ. ಕೈಯಲ್ಲಿ ಹಿಡಿಯಬೇಕೆಂದರೆ ಒಂದು ಗುಂಡಿ ತಾನಾಗಿ ಒತ್ತಿಕೊಂಡಿರಲೇಬೇಕು. ಎರಡನೆಯ ಪ್ರಶ್ನೆ, ಟೇಪ್ ಸುತ್ತಿದರೂ ಪ್ರೆಸ್ ಯಾಕೆ ಓಡಿತು? ಪ್ಯಾನಲ್‌ನಲ್ಲಿ ಎರಡು ಗುಂಡಿಗಳನ್ನು ಬರೀ ಸೀರೀಸ್‌ನಲ್ಲಿ ಜೋಡಿಸಿದ್ದರೆ ಓಡಿಯೇ ಓಡುತ್ತದೆ. ಮೂರನೆಯದು, ಶಿಫ್ಟ್ ಆರಂಭದ ಚೆಕ್‌ಶೀಟ್‌ನಲ್ಲಿ ಅವತ್ತೂ ಟಿಕ್ ಬಿದ್ದಿತ್ತಲ್ಲ, ಹೇಗೆ? ನೋಡಿ ಟಿಕ್ ಹಾಕಿದ್ದರು, ಒತ್ತಿ ನೋಡಿರಲಿಲ್ಲ.

ಈ ಮೂರು ಕಾರಣಕ್ಕೆ ಮೂರು ಬೇರೆ ಕ್ರಮ, ಮೂವರು ಬೇರೆ ವ್ಯಕ್ತಿಗಳು. ಒಂದು ಕೆಲಸಕ್ಕೆ ಒಂದೇ ಹೆಸರು. ಇಬ್ಬರ ಹೆಸರು ಬರೆದರೆ ಇಬ್ಬರೂ ಇನ್ನೊಬ್ಬರು ಮಾಡುತ್ತಾರೆಂದು ಕಾಯುತ್ತಾರೆ. ಪಿನ್ ಬದಲಿಸುವುದು ಟೂಲ್ ರೂಮ್ ಸೂಪರ್‌ವೈಸರ್ ಕೆಲಸ. ಅವರ ಹೆಸರು, ಟೋಕನ್ ನಂಬರ್, ಮುಗಿಸುವ ದಿನಾಂಕ ಬರೆಯಿರಿ. ಚೆಕ್‌ಶೀಟ್ ತಿದ್ದುವುದು ಪ್ರೆಸ್ ಶಾಪ್ ಸೂಪರ್‌ವೈಸರ್ ಕೆಲಸ. ಎರಡೂ ಗುಂಡಿ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ ಓಡಲು ಬಿಡುವ ಟೂ-ಹ್ಯಾಂಡ್ ಸೇಫ್ಟಿ ರಿಲೇ ಹಾಕುವುದು ಎಲೆಕ್ಟ್ರಿಕಲ್ ಸೂಪರ್‌ವೈಸರ್‌ಗೆ ಸೇರಿದ್ದು, ಆದರೆ ಅದಕ್ಕೆ ದುಡ್ಡು ಬೇಕು. ಖರೀದಿಗೆ ಸಹಿ ಹಾಕುವ ಅಧಿಕಾರ ಅವರಿಗಿಲ್ಲದಿದ್ದರೆ ‘ಖರೀದಿ ಮಂಜೂರಾತಿ’ ಎಂಬ ಪ್ರತ್ಯೇಕ ಸಾಲು ಮಾಡಿ, ಅಲ್ಲಿ ಮ್ಯಾನೇಜರ್ ಹೆಸರೇ ಇರಬೇಕು. ಅಧಿಕಾರ ಕೊಡದೆ ಹೆಸರು ಮಾತ್ರ ಬರೆಯುವುದು ಅನ್ಯಾಯ. ಸಭೆಯಲ್ಲಿ ಇಲ್ಲದವರ ತಲೆಗೆ ಕೆಲಸ ಕಟ್ಟುವುದೂ ಅಷ್ಟೇ; ಅವರನ್ನು ಕರೆದು ಒಪ್ಪಿಸಿ, ಸಹಿ ಪಡೆದು ಆಮೇಲೆ ಬರೆಯಿರಿ.

ರಿಲೇ ಬರಲು ವಾರಗಳು ಹಿಡಿಯಬಹುದು. ಅಲ್ಲಿಯವರೆಗೆ ಪ್ರೆಸ್ ಹೇಗೆ ಓಡುತ್ತದೆ? ಹೆಚ್ಚಿನ ಮಿನಿಟ್ಸ್‌ನಲ್ಲಿ ಈ ಸಾಲೇ ಇರುವುದಿಲ್ಲ, ಎರಡನೆಯ ಅಪಘಾತ ಆಗುವುದು ಈ ಅವಧಿಯಲ್ಲೇ. ಡೈ ಸುತ್ತ ಕೈ ತೂರದಂಥ ಸ್ಥಿರ ಗಾರ್ಡ್ ಹಾಕಿ ಓಡಿಸುತ್ತೀರೋ, ಪ್ರೆಸ್ ನಿಲ್ಲಿಸುತ್ತೀರೋ, ಸ್ಪಷ್ಟವಾಗಿ ಬರೆದು ಅದಕ್ಕೂ ಒಂದು ಹೆಸರು ಹಾಕಿ. ‘ಜಾಗರೂಕತೆಯಿಂದ ಓಡಿಸುವುದು’ ತಾತ್ಕಾಲಿಕ ಕ್ರಮವಲ್ಲ. ಇನ್ನೊಂದು ಮಾತು: ನಿಮ್ಮದು ಕೀ ಕ್ಲಚ್‌ನ ಹಳೆಯ ಪ್ರೆಸ್ ಆಗಿದ್ದರೆ ರಿಲೇ ಒಂದನ್ನೇ ನಂಬಬೇಡಿ. ಅದರಲ್ಲಿ ಒಮ್ಮೆ ಹಿಡಿದ ಸ್ಟ್ರೋಕ್ ನಡುವೆ ನಿಲ್ಲುವುದಿಲ್ಲ, ಗಾರ್ಡ್ ಕಾಯಂ ಆಗಿ ಬೇಕು.

‘ಕೆಲಸ ಮುಗಿದಿದೆ’ ಎಂದು ಬರೆಯುವ ಮೊದಲು ಪರೀಕ್ಷೆ ಏನೆಂದು ಅದೇ ಸಾಲಿನಲ್ಲಿ ಮೊದಲೇ ನಿಗದಿಯಾಗಿರಲಿ. ಇಲ್ಲಿ ಅದು ಸುಲಭ. ಡೈ ಖಾಲಿ ಇರಲಿ, ಯಾರೂ ಹತ್ತಿರ ಇರಬಾರದು. ಎರಡೂ ಗುಂಡಿ ಒಟ್ಟಿಗೆ ಒತ್ತಿ, ಎಡ ಗುಂಡಿ ಹಿಡಿದೇ ಇದ್ದು, ಬಲ ಗುಂಡಿಯನ್ನು ಬಿಟ್ಟು, ಮತ್ತೆ ಒತ್ತಿ. ಎರಡನೆಯ ಸಲ ರ‍್ಯಾಮ್ ಇಳಿಯಬಾರದು. ಬಳಿಕ ಒಂದು ಗುಂಡಿ ಒತ್ತಿ, ಒಂದು ಸೆಕೆಂಡ್ ತಡೆದು ಇನ್ನೊಂದು ಒತ್ತಿ. ಆಗಲೂ ಇಳಿಯಬಾರದು, ಏಕೆಂದರೆ ಸರಿಯಾದ ರಿಲೇ ಎರಡೂ ಗುಂಡಿಗಳನ್ನು ಅರ್ಧ ಸೆಕೆಂಡಿನೊಳಗೆ ಕೇಳುತ್ತದೆ. ಗುಂಡಿಗಳ ಪಾತ್ರ ಅದಲುಬದಲು ಮಾಡಿ ಮತ್ತೊಮ್ಮೆ ನೋಡಿ. ಈ ಪರೀಕ್ಷೆಯನ್ನು ಕೆಲಸ ಮಾಡಿದ ಸೂಪರ್‌ವೈಸರ್ ಒಬ್ಬರೇ ಮಾಡಿ ಸಹಿ ಹಾಕಬಾರದು. ಕಾರ್ಮಿಕರ ಪ್ರತಿನಿಧಿಯೊಬ್ಬರು ಎದುರು ನಿಂತು ನೋಡಿ ಸಹಿ ಹಾಕಲಿ. ಅದೇ ಹಳೆಯ ಕಾಯ್ದೆಯ 41-ಜಿ ಕಲಂ ಸಮಿತಿಯಲ್ಲಿ ಎರಡೂ ಕಡೆಯವರು ಸಮಾನ ಸಂಖ್ಯೆಯಲ್ಲಿರಬೇಕು ಎಂದದ್ದು ಬರೀ ಚಹಾ ಕುಡಿದು ಹೋಗಲಿಕ್ಕಲ್ಲ.

ಪ್ರಶ್ನೆ: ದಿನಾಂಕ ದಾಟಿದ ಕೆಲಸಕ್ಕೆ ಹೊಸ ದಿನಾಂಕ ಹಾಕಿದರೆ ಸಾಕಲ್ಲವೇ?

ಉತ್ತರ: ಹಳೆಯದನ್ನು ಅಳಿಸದೆ, ಪಕ್ಕದಲ್ಲಿ ಹೊಸದನ್ನೂ ಕಾರಣವನ್ನೂ ಬರೆಯಿರಿ. ಎರಡನೆಯ ಸಲ ದಾಟಿದರೆ ಹೊಣೆ ಮ್ಯಾನೇಜರ್ ಹೆಸರಿಗೆ ಏರಲಿ.

ಪ್ರಶ್ನೆ: ತರಬೇತಿಗೆ ಬಂದವರು 88% ಅಪಘಾತಕ್ಕೆ ಕಾರ್ಮಿಕರ ತಪ್ಪೇ ಕಾರಣ ಎಂದರು. ಅದನ್ನು ಮಿನಿಟ್ಸ್‌ನಲ್ಲಿ ಸೇರಿಸಬಹುದೇ?

ಉತ್ತರ: ಬೇಡ. ಆ ಅಂಕಿ 1931ರಲ್ಲಿ ಅಮೆರಿಕದ ವಿಮಾ ಕಂಪನಿಯ ಹೈನ್‌ರಿಕ್ ಹೇಳಿದ್ದು, ವಿಮಾ ಕ್ಲೇಮುಗಳು ಮತ್ತು ಕಾರ್ಖಾನೆಯವರೇ ಕೊಟ್ಟ ವರದಿಗಳ ಆಧಾರದ ಮೇಲೆ. ಅದನ್ನು ಇಂದಿಗೂ ಸ್ಲೈಡ್‌ಗೆ ಹಾಕಿ ದುಡ್ಡು ತೆಗೆದುಕೊಳ್ಳುವವರಿಗೆ ನಿಮ್ಮ ಪ್ಯಾನಲ್ ತೆರೆದು ನೋಡುವ ಗೋಜು ಬೇಕಿಲ್ಲ.

ಪ್ರಶ್ನೆ: ಕನ್ಸಲ್ಟೆಂಟ್ ಒಬ್ಬರು ವರ್ಷದ ನಾಲ್ಕೂ ಸಭೆಗಳ ಮಿನಿಟ್ಸ್ ರೆಡಿ ಮಾಡಿ ಕೊಡುತ್ತಾರಂತೆ?

ಉತ್ತರ: ನಡೆಯದ ಸಭೆಯ ದಾಖಲೆ ಸುಳ್ಳು ದಾಖಲೆ. ಆ ಮನುಷ್ಯನನ್ನು ಗೇಟಿನ ಒಳಗೆ ಬಿಡಬೇಡಿ.

ಪ್ರಶ್ನೆ: ಯಾರಿಗೂ ಗಾಯವಾಗದಿದ್ದರೂ ಬರೆಯಬೇಕೇ?

ಉತ್ತರ: ಬರೆಯಬೇಕು. ಟೇಪ್ ಸುತ್ತಿದ ಗುಂಡಿ ಬೆರಳು ಹೋಗುವ ಮೊದಲೇ ಕಂಡಿದ್ದರೆ, ಮೇಲಿನ ಅಷ್ಟೂ ಕೆಲಸ ಅಂದೇ ಶುರುವಾಗಬೇಕಿತ್ತು.