ಕಾಗದ ನೋಡಿ ಓದಿದ ಮೆಚ್ಚುಗೆ: ಒಂದು ಆಪ್ತಸಲಹೆ ಪ್ರಕರಣ

ಸಣ್ಣ ಅಂಗಡಿಗಳ ಲೆಕ್ಕಪತ್ರ ನೋಡಿಕೊಳ್ಳುವ ಮಹಿಳೆಯೊಬ್ಬರು ಹೊಸ ಗ್ರಾಹಕರಿಗೆ ತೋರಿಸಲೆಂದು ತಮ್ಮ ಹಳೆಯ ಗ್ರಾಹಕರೊಬ್ಬರ ಮೆಚ್ಚುಗೆಯ ಅನುಭವವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು ಸಲಹೆಗಾಗಿ ಬಂದಿದ್ದರು. ಇಬ್ಬರ ಗುರುತೂ ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಗ್ರಾಹಕರು ನಿಜಕ್ಕೂ ತೃಪ್ತರಾಗಿದ್ದರೂ, ವೀಡಿಯೊ ನೋಡಿದವರೆಲ್ಲ ಅದು ಹೇಳಿಕೊಟ್ಟು ಹೇಳಿಸಿದಂತಿದೆ ಎನ್ನುತ್ತಿದ್ದಾರೆಂಬುದು ಅವರ ಅಳಲು. ಮೊಬೈಲು ಸಾಧಾರಣವಾದದ್ದು, ಒಳ್ಳೆಯ ಕ್ಯಾಮೆರಾ ಬಾಡಿಗೆಗೆ ತರಬೇಕೇ ಎಂದು ಅವರು ಕೇಳಿದರು.

ವೀಡಿಯೊ ನೋಡಿದಾಗ ತೊಂದರೆ ಕ್ಯಾಮೆರಾದ್ದಲ್ಲ ಎಂಬುದು ಸ್ಪಷ್ಟವಾಯಿತು. ಗ್ರಾಹಕರ ಕಣ್ಣು ಪದೇ ಪದೇ ಕೆಳಗಿಳಿಯುತ್ತಿತ್ತು, ಏಕೆಂದರೆ ಏನು ಹೇಳಬೇಕೆಂದು ಮೊದಲೇ ಬರೆದು ಕೊಡಲಾಗಿತ್ತು. ಕೊನೆಯಲ್ಲಿ ಕೇಳಿದ ಒಂದೇ ಪ್ರಶ್ನೆ, ‘ನಮ್ಮ ಸೇವೆ ನಿಮಗೆ ಇಷ್ಟವಾಯಿತೇ?’ ಎಂಬುದು. ಇಂಥ ಪ್ರಶ್ನೆಗೆ ಹೌದು ಎನ್ನುವುದನ್ನು ಬಿಟ್ಟು ಬೇರೆ ಉತ್ತರವಿರುವುದಿಲ್ಲ. ಇದರ ಜೊತೆಗೆ ಗ್ರಾಹಕರು ಕಿಟಕಿಗೆ ಬೆನ್ನು ಮಾಡಿ ಕುಳಿತಿದ್ದರಿಂದ ಮುಖ ಕಪ್ಪಾಗಿತ್ತು, ಫ್ಯಾನಿನ ಸದ್ದು ಮಾತಿನ ಮೇಲೆ ಹರಡಿಕೊಂಡಿತ್ತು.

ಬರೆದುಕೊಡುವುದನ್ನು ಸಂಪೂರ್ಣವಾಗಿ ಬಿಟ್ಟು, ಯಾವ ವಿಷಯದ ಬಗ್ಗೆ ಮಾತಾಡುತ್ತೇವೆಂಬುದನ್ನು ಮಾತ್ರ ಮೊದಲೇ ತಿಳಿಸುವಂತೆ ಸಲಹೆ ನೀಡಿದೆ. ಬಳಿಕ ಇಬ್ಬರೂ ಕುಳಿತು ನಾಲ್ಕು ಪ್ರಶ್ನೆಗಳನ್ನು ರೂಪಿಸಿದೆವು: ಮೊದಲು ಲೆಕ್ಕದ ಕೆಲಸ ಹೇಗೆ ನಡೆಯುತ್ತಿತ್ತು, ಇದನ್ನು ಹೊರಗಿನವರಿಗೆ ಒಪ್ಪಿಸಲು ಯಾವ ಹಿಂಜರಿಕೆಯಿತ್ತು, ಆ ಹಿಂಜರಿಕೆ ಕಡಿಮೆಯಾದದ್ದು ಯಾವ ಸಂದರ್ಭದಲ್ಲಿ, ಈಗ ತಿಂಗಳ ಕೊನೆಯ ದಿನ ಹೇಗಿರುತ್ತದೆ.

ಎರಡನೆಯ ಪ್ರಶ್ನೆಗೆ ಅವರು ಸುಲಭವಾಗಿ ಒಪ್ಪಲಿಲ್ಲ. ಮೆಚ್ಚುಗೆಯ ವೀಡಿಯೊದಲ್ಲಿ ಅನುಮಾನದ ಮಾತೇಕೆ ಎಂಬ ಅವರ ಆತಂಕ ಸಹಜವಾದದ್ದೇ. ಆದರೆ ವೀಡಿಯೊ ನೋಡುವ ಹೊಸ ಗ್ರಾಹಕನ ಮನಸ್ಸಿನಲ್ಲಿಯೂ ಅದೇ ಅನುಮಾನ ಇರುತ್ತದೆ. ತನ್ನಂತೆಯೇ ಹಿಂಜರಿದವರು ಅದನ್ನು ಬಾಯಿಬಿಟ್ಟು ಹೇಳಿದಾಗ ಮಾತ್ರ ಮುಂದಿನ ಹೊಗಳಿಕೆಗೆ ಆಧಾರ ಸಿಗುತ್ತದೆ. ನನ್ನ ಅಭಿಪ್ರಾಯದಲ್ಲಿ ಬೇರೆಲ್ಲ ಪ್ರಶ್ನೆಗಳನ್ನು ಬಿಟ್ಟರೂ ಇದೊಂದನ್ನು ಬಿಡಬಾರದು.

ಕೇಳುವ ರೀತಿಯ ಬಗ್ಗೆಯೂ ಮಾತಾಡಿದೆವು. ಪ್ರಶ್ನೆಯ ಧ್ವನಿಯನ್ನು ಆಮೇಲೆ ಕತ್ತರಿಸಬೇಕಾದ್ದರಿಂದ, ಉತ್ತರ ತಾನಾಗಿಯೇ ಅರ್ಥವಾಗುವಂತೆ ಪೂರ್ಣ ವಾಕ್ಯದಲ್ಲಿ ಆರಂಭಿಸಬೇಕೆಂದು ಗ್ರಾಹಕರಲ್ಲಿ ಮೊದಲೇ ಕೋರಬೇಕು. ಅವರು ಮಾತಾಡುವಾಗ ‘ಹೂಂ, ಹೂಂ’ ಎನ್ನದೆ ತಲೆಯಾಡಿಸಿದರೆ ಸಾಕು. ಉತ್ತರ ಮುಗಿಯಿತೆನಿಸಿದ ಮೇಲೂ ಮೂರು ನಾಲ್ಕು ಸೆಕೆಂಡು ಸುಮ್ಮನಿರಬೇಕು, ಏಕೆಂದರೆ ಸಿದ್ಧಪಡಿಸಿಕೊಂಡ ಮಾತು ಮುಗಿದ ನಂತರ ಜನ ನೆನಪಿನಿಂದ ಮಾತಾಡತೊಡಗುತ್ತಾರೆ. ‘ಬಹಳ ಅನುಕೂಲವಾಯಿತು’ ಎಂದಷ್ಟೇ ಹೇಳಿದರೆ, ‘ಒಂದು ಉದಾಹರಣೆ ಹೇಳುತ್ತೀರಾ?’ ಎಂದು ಕೇಳಬೇಕು.

ಚಿತ್ರೀಕರಣದ ಸಿದ್ಧತೆ ಹೆಚ್ಚಿನದೇನಲ್ಲ. ಗ್ರಾಹಕರು ಕಿಟಕಿಯ ಕಡೆಗೆ ಸ್ವಲ್ಪ ಓರೆಯಾಗಿ ಮುಖ ಮಾಡಿ ಕೂರಬೇಕು. ಮೊಬೈಲಿನ ಹಿಂಬದಿ ಕ್ಯಾಮೆರಾವನ್ನು ಒರೆಸಿ, ಮೊಬೈಲನ್ನು ಅವರ ಕಣ್ಣಿನ ಎತ್ತರದಲ್ಲಿ ಅಲುಗದಂತೆ ನಿಲ್ಲಿಸಿ, ಪ್ರಶ್ನೆ ಕೇಳುವವರು ಅದರ ಪಕ್ಕದಲ್ಲೇ ಕುಳಿತರೆ ನೋಟ ಸಹಜವಾಗಿ ಅವರತ್ತ ನಿಲ್ಲುತ್ತದೆ. ಫ್ಯಾನ್ ನಿಲ್ಲಿಸಿ, ಕರೆ ಬಾರದಂತೆ ಏರೋಪ್ಲೇನ್ ಮೋಡ್ ಹಾಕಿ, ಮೊಬೈಲನ್ನು ಒಂದು ಮೀಟರಿನಷ್ಟು ಹತ್ತಿರ ಇಡಬೇಕು. ದೂರವಾದಷ್ಟೂ ಕೋಣೆಯ ಪ್ರತಿಧ್ವನಿ ಹೆಚ್ಚುತ್ತದೆ. ಅರ್ಧ ನಿಮಿಷ ಮಾತಾಡಿಸಿ, ರೆಕಾರ್ಡ್ ಮಾಡಿ, ಇಯರ್‌ಫೋನಿನಲ್ಲಿ ಕೇಳಿದ ನಂತರವೇ ಮುಂದುವರಿಯಬೇಕು, ಏಕೆಂದರೆ ಚಿತ್ರ ತುಸು ಮಸುಕಾದರೂ ಸಹಿಸುವ ವೀಕ್ಷಕರು ಮಾತು ಕೇಳಿಸದಿದ್ದರೆ ಸಹಿಸುವುದಿಲ್ಲ.

ಅವರು ಎರಡನೆಯ ಬಾರಿ ತಂದ ಚಿತ್ರೀಕರಣ ಹತ್ತು ನಿಮಿಷಕ್ಕಿಂತ ತುಸು ಹೆಚ್ಚಿತ್ತು. ಅದರಲ್ಲಿ ಗ್ರಾಹಕರು, ಅಂಗಡಿಯ ನಷ್ಟದ ವಿಚಾರ ಹೊರಗಿನವರಿಗೆ ತಿಳಿಯುತ್ತದೆಂಬ ಸಂಕೋಚದಿಂದ ಬಹಳ ಕಾಲ ಪುಸ್ತಕ ತೋರಿಸಿರಲಿಲ್ಲವೆಂದೂ, ಒಬ್ಬ ಸರಬರಾಜುದಾರನಿಗೆ ಒಂದೇ ಬಿಲ್ಲಿನ ಹಣ ಎರಡು ಸಲ ಹೋಗಿದ್ದನ್ನು ಇವರು ಪತ್ತೆಹಚ್ಚಿದ ದಿನ ಆ ಸಂಕೋಚ ಬಿಟ್ಟಿತೆಂದೂ ಹೇಳಿದ್ದರು. ಈ ಎರಡು ಮಾತುಗಳನ್ನು ಬೆನ್ನೆಲುಬಾಗಿಟ್ಟುಕೊಂಡು ಸುಮಾರು ಒಂದೂವರೆ ನಿಮಿಷಕ್ಕೆ ಇಳಿಸುವಂತೆ ಹೇಳಿದೆ. ಒಂದು ಉತ್ತರದ ತುಂಡನ್ನು ಮತ್ತೊಂದು ಪ್ರಶ್ನೆಯ ಉತ್ತರಕ್ಕೆ ಜೋಡಿಸಿ ಅರ್ಥ ಬದಲಿಸಬಾರದೆಂದೂ ಎಚ್ಚರಿಸಿದೆ.

ಬಳಸುವ ಮುನ್ನ ವೀಡಿಯೊ ಎಲ್ಲೆಲ್ಲಿ, ಎಷ್ಟು ಕಾಲ ಇರುತ್ತದೆಂದು ಬರೆದ ಒಪ್ಪಿಗೆ ಪತ್ರಕ್ಕೆ ಸಹಿ ಪಡೆದು, ಸಿದ್ಧವಾದ ರೂಪವನ್ನು ಗ್ರಾಹಕರಿಗೆ ತೋರಿಸಲು ತಿಳಿಸಿದ್ದೆ. ಗ್ರಾಹಕರು ಸರಬರಾಜುದಾರನ ಹೆಸರು ಬರುವ ಭಾಗವನ್ನು ತೆಗೆಯಲು ಕೇಳಿದರು. ಆ ವಾಕ್ಯವನ್ನು ಕತ್ತರಿಸಿದ ಮೇಲೆಯೇ ಒಪ್ಪಿಗೆ ದೊರೆಯಿತು.