ಅಪ್ಪ-ಅಮ್ಮನ ಫೋನಿಗೆ ಪೋಸ್ಟ್‌ಪೇಯ್ಡ್ ಏಕೆ?

*ತಂದೆಗೆ 78, ತಾಯಿಗೆ 71. ಇಬ್ಬರೂ ಪಾಂಡವಪುರದ ಹತ್ತಿರ ಊರಲ್ಲೇ ಇದ್ದಾರೆ. ಅಪ್ಪನದು ಕೀಪ್ಯಾಡ್ ಫೋನು, ಅಮ್ಮನದು ಟಚ್ ಫೋನು. ರೀಚಾರ್ಜ್ ಮುಗಿದದ್ದು ಅವರಿಗೆ ಗೊತ್ತೇ ಆಗುವುದಿಲ್ಲ. ನಾನು ಮೈಸೂರಿನಿಂದ ಮಾಡಿದರೆ ಹೋಗುವುದಿಲ್ಲ, ಗಾಬರಿಯಾಗುತ್ತದೆ. ಬೆಂಗಳೂರಿನ ಅಣ್ಣ ಇಬ್ಬರನ್ನೂ ತನ್ನ ಪೋಸ್ಟ್‌ಪೇಯ್ಡ್ ಫ್ಯಾಮಿಲಿ ಪ್ಲಾನಿಗೆ ಸೇರಿಸುತ್ತೇನೆ ಅನ್ನುತ್ತಾನೆ. ಒಂದೊಂದು ನಂಬರಿಗೆ ತಿಂಗಳಿಗೆ 299 ರೂಪಾಯಿ, ತೆರಿಗೆ ಬೇರೆಯಂತೆ. ಒಪ್ಪಿಕೊಳ್ಳಲೇ?*
*— ಓದುಗರು, ಕುವೆಂಪುನಗರ, ಮೈಸೂರು*

ಒಪ್ಪಬೇಡಿ ತಾಯಿ. ಹೀಗೆ ಖಡಾಖಂಡಿತವಾಗಿ ಹೇಳಿದರೆ ಅಣ್ಣನವರಿಗೆ ಬೇಸರವಾದೀತು. ಆದರೆ ಈ ವಿಷಯದಲ್ಲಿ ನನ್ನದು ಹಳೆಯ ಹಟ, ಆಫೀಸಿನ ಹುಡುಗರೆಲ್ಲ ಕೇಳಿ ಕೇಳಿ ಬೇಸತ್ತಿದ್ದಾರೆ. ಈಗ ನಿಮ್ಮ ಸರದಿ.

ಪೋಸ್ಟ್‌ಪೇಯ್ಡ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ವಿದೇಶಕ್ಕೆ ಹೋಗಿಬರುವವರಿಗೆ, ಬಿಲ್ಲನ್ನು ಕಂಪನಿಯೇ ಕಟ್ಟಿಕೊಡುವ ನೌಕರಿಯಲ್ಲಿರುವವರಿಗೆ ಅದು ಅನುಕೂಲವೇ. ಅಣ್ಣನವರು ಅಂಥವರಾಗಿದ್ದರೆ ಅವರ ನಂಬರು ಹಾಗೇ ಇರಲಿ.

ನಿಮ್ಮ ತೊಂದರೆಗೆ ಪ್ರೀಪೇಯ್ಡ್ ಕಾರಣವಲ್ಲ, 28 ದಿನದ ಪ್ಯಾಕು ಕಾರಣ. 28 ದಿನಕ್ಕೊಂದರಂತೆ ವರ್ಷಕ್ಕೆ 13 ಸಲ ಹಾಕಿಸಬೇಕು, ಮೇಲಾಗಿ ತಾರೀಖು ಪ್ರತಿ ಸಲವೂ ಹಿಂದಕ್ಕೆ ಸರಿಯುತ್ತದೆ. ಪಿಂಚಣಿ ಬರುವ ದಿನವೋ ಹಾಲಿನ ಲೆಕ್ಕ ಕೊಡುವ ದಿನವೋ ಎಂದು ಗುರುತಿಟ್ಟುಕೊಳ್ಳೋಣವೆಂದರೆ ಆಗುವುದಿಲ್ಲ. ಪ್ಯಾಕು ಮುಗಿದಾಗ ಮೊದಲು ಹೊರಹೋಗುವ ಕರೆ ನಿಲ್ಲುತ್ತದೆ, ಕೆಲ ದಿನ ಬಿಟ್ಟು ಒಳಬರುವ ಕರೆಯೂ ನಿಲ್ಲುತ್ತದೆ. ಅಷ್ಟಾದರೂ ಫೋನಿನಲ್ಲಿ ಸಿಗ್ನಲ್ ಕಡ್ಡಿಗಳು ತುಂಬಿಯೇ ಇರುತ್ತವೆ, ಚಾರ್ಜೂ ಇರುತ್ತದೆ. ಹಿರಿಯರಿಗೆ ಹೇಗೆ ಗೊತ್ತಾಗಬೇಕು?

ಮದ್ದೂರಿನ ಕಡೆ ನನ್ನ ದೊಡ್ಡಪ್ಪ ಒಬ್ಬರಿದ್ದರು. ಮಕ್ಕಳಿಂದ ಫೋನು ಬರಲಿಲ್ಲವೆಂದು ಮುನಿಸಿಕೊಂಡು ಜಗಲಿಯ ಮೇಲೆ ಕೂತಿದ್ದರು. ಅಪ್ಪ ಫೋನು ಎತ್ತುತ್ತಿಲ್ಲ, ಸಿಟ್ಟಾಗಿದ್ದಾರೆ ಎಂದು ಮಕ್ಕಳು ಅತ್ತ ಪೇಚಾಡುತ್ತಿದ್ದರು. ಮಗ ಕೊನೆಗೆ ಬಸ್ಸು ಹತ್ತಿ ಬಂದು ನೋಡಿದರೆ ಪ್ಯಾಕು ಮುಗಿದು ಒಂದು ವಾರದ ಮೇಲಾಗಿತ್ತು. ಇನ್‌ಬಾಕ್ಸಿನಲ್ಲಿ ಕಂಪನಿಯ ಎಚ್ಚರಿಕೆ ಸಾಲುಸಾಲಾಗಿತ್ತು, ಒಂದನ್ನೂ ತೆರೆದಿರಲಿಲ್ಲ. ಎಲ್ಲವೂ ಇಂಗ್ಲಿಷಿನಲ್ಲಿದ್ದವು. ಗ್ಯಾಸ್ ಸಿಲಿಂಡರ್ ತಂದ ಹುಡುಗ ಒಟಿಪಿ ಕೇಳಿ, ಅದು ಬಾರದೆ, ಸಿಲಿಂಡರ್ ಸಮೇತ ವಾಪಸು ಹೋಗಿದ್ದು ಬೇರೆ.

ಇದಕ್ಕೆ ಮದ್ದಿದೆ, ಅಂಗಡಿಯವನು ಹೇಳುವುದಿಲ್ಲ ಅಷ್ಟೇ. ಇಂಟರ್‌ನೆಟ್ ಬೇಡದವರಿಗೆ ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಯಾಕನ್ನು ಕಂಪನಿಗಳು ಕೊಡಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿತು. ಇಂಥ ವಿಶೇಷ ಪ್ಯಾಕುಗಳ ಗರಿಷ್ಠ ಅವಧಿಯನ್ನು 90 ದಿನದಿಂದ 365 ದಿನಕ್ಕೆ ಏರಿಸಿದ್ದೂ ಆಗಲೇ. ನಿಮ್ಮ ತಂದೆಯವರ ಕೀಪ್ಯಾಡ್ ಫೋನಿಗೆ ಹೇಳಿ ಮಾಡಿಸಿದ ಪ್ಯಾಕು ಅದು. ಒಟಿಪಿ ಬರುವುದು ಎಸ್ಸೆಮ್ಮೆಸ್ಸಿನಲ್ಲಿ, ಅದಕ್ಕೆ ಡೇಟಾ ಬೇಕಿಲ್ಲ. ಯುಗಾದಿಗೆ ಒಂದು ಸಲ ಹಾಕಿಸಿದರೆ ಮುಂದಿನ ಯುಗಾದಿಯ ಹೊತ್ತಿಗೆ ಯೋಚಿಸಿದರಾಯಿತು. ಅಧಿಕ ಮಾಸ ಬಂದ ವರ್ಷ ಮಾತ್ರ ಹಬ್ಬ ಮುಂದೆ ಹೋಗುತ್ತದೆ, ಕ್ಯಾಲೆಂಡರಿನಲ್ಲಿ ತಾರೀಖನ್ನೇ ಬರೆದಿಡಿ.

ಲೆಕ್ಕಕ್ಕೆ ಬರೋಣ. ಅಣ್ಣನವರು ಹೇಳಿದ 299 ಇಬ್ಬರಿಗೆ 598 ಆಯಿತು. ಪ್ರೀಪೇಯ್ಡ್ ಬೆಲೆಯಲ್ಲಿ ಜಿಎಸ್‌ಟಿ ಸೇರಿರುತ್ತದೆ, ಪೋಸ್ಟ್‌ಪೇಯ್ಡ್ ಬಿಲ್ಲಿಗೆ ಮೇಲೆ 18 ಪರ್ಸೆಂಟ್ ಬೀಳುತ್ತದೆ. ಅಲ್ಲಿಗೆ ತಿಂಗಳಿಗೆ ಸುಮಾರು 706, ವರ್ಷಕ್ಕೆ 8,470 ರೂಪಾಯಿ. ಪ್ರೀಪೇಯ್ಡಿನಲ್ಲಿ ಅಪ್ಪನಿಗೆ ವರ್ಷದ ಕರೆ ಪ್ಯಾಕು ಸುಮಾರು 1,850. ಅಮ್ಮನಿಗೆ ವಾಟ್ಸಾಪು, ಭಜನೆ ವಿಡಿಯೋ ಎಲ್ಲ ಬೇಕಲ್ಲ, ದಿನಕ್ಕೆ ಒಂದೂವರೆ ಜಿಬಿ ಸಿಗುವ 84 ದಿನದ ಪ್ಯಾಕು ಸುಮಾರು 860, ವರ್ಷದ ಮೇಲೆ 3,740ರ ಹತ್ತಿರ. ಎರಡೂ ಸೇರಿ 5,600 ದಾಟುವುದಿಲ್ಲ. ಬೆಲೆ ಕಂಪನಿಯಿಂದ ಕಂಪನಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಹಾಕಿಸುವ ದಿನ ಒಮ್ಮೆ ನೋಡಿಕೊಳ್ಳಿ. ಕಡಿಮೆ ಬೆಲೆ ಕಂಡು ಅಪ್ಪನ ನಂಬರನ್ನು ಬೇರೆ ಕಂಪನಿಗೆ ಪೋರ್ಟ್ ಮಾಡಿಸುವ ಮುಂಚೆಯೂ ಯೋಚಿಸಿ. 2ಜಿ ಇಲ್ಲದ ನೆಟ್‌ವರ್ಕಿನ ಸಿಮ್ಮು ಹಳೇ ಕೀಪ್ಯಾಡ್ ಫೋನಿನಲ್ಲಿ ಕೆಲಸ ಮಾಡುವುದಿಲ್ಲ.

ದುಡ್ಡು ಹೋದರೂ ಹೋಗಲಿ ಅನ್ನುವವರಿಗೆ ನನ್ನ ಇನ್ನೊಂದು ತಕರಾರಿದೆ. ರಾತ್ರಿ ಹನ್ನೊಂದಕ್ಕೆ ಯಾವುದೋ ವಿದೇಶಿ ನಂಬರಿನಿಂದ ಒಂದು ರಿಂಗು ಬಂದು ನಿಲ್ಲುತ್ತದೆ. ವಯಸ್ಸಾದವರು ಏನು ಮಾಡುತ್ತಾರೆ? ಯಾರೋ ನಮ್ಮವರೇ ಇರಬೇಕು ಎಂದು ತಿರುಗಿ ಮಾಡುತ್ತಾರೆ. ವಂಚಕರು ಕಾಯುವುದೂ ಅದಕ್ಕೇ. ಪ್ರೀಪೇಯ್ಡಿನಲ್ಲಿ ಅನ್‌ಲಿಮಿಟೆಡ್ ಪ್ಯಾಕು ದೇಶದೊಳಗಿನ ಕರೆಗೆ ಮಾತ್ರ, ಮೇನ್ ಬ್ಯಾಲೆನ್ಸ್ ಇಲ್ಲದಿದ್ದರೆ ವಿದೇಶದ ಕರೆ ಹೋಗುವುದೇ ಇಲ್ಲ. ಪೋಸ್ಟ್‌ಪೇಯ್ಡಿನಲ್ಲಿ ಐಎಸ್‌ಡಿ ತೆರೆದಿದ್ದರೆ ಕರೆ ಹೋಗುತ್ತದೆ, ಕ್ರೆಡಿಟ್ ಲಿಮಿಟ್ ಮುಟ್ಟುವವರೆಗೂ ಬಿಲ್ ಏರುತ್ತದೆ. ಅದು ಗೊತ್ತಾಗುವುದು ತಿಂಗಳ ಕೊನೆಗೆ, ಅದೂ ಅಣ್ಣನವರ ಇಮೇಲಿಗೆ.

ಫ್ಯಾಮಿಲಿ ಪ್ಲಾನಿನ ಇನ್ನೊಂದು ಮುಖವೆಂದರೆ ಒಂದೇ ಬಿಲ್ಲು. ಅಣ್ಣನವರ ಕ್ರೆಡಿಟ್ ಕಾರ್ಡಿನ ಅವಧಿ ಮುಗಿದು ಆಟೋಪೇ ತಪ್ಪಿದರೆ ಪಾಂಡವಪುರದ ಎರಡು ಫೋನೂ ಬಂದ್ ಆಗುತ್ತವೆ. ಅಪ್ಪನಿಗೂ ಗೊತ್ತಿರುವುದಿಲ್ಲ, ನಿಮಗೂ ಗೊತ್ತಿರುವುದಿಲ್ಲ. ಈಗಲಾದರೆ ನೀವೇ ಇಲ್ಲಿಂದ ಯುಪಿಐನಲ್ಲಿ ಹಾಕಿಬಿಡಬಹುದು, ಅವರ ಒಟಿಪಿಯೂ ಬೇಕಿಲ್ಲ. ಮುಗಿಯುವ ಎರಡು ದಿನ ಮುಂಚೆ ಹಾಕಿದರೂ ಸಾಮಾನ್ಯವಾಗಿ ಹೊಸ ಪ್ಯಾಕು ಹಳೆಯದರ ಹಿಂದೆ ಸಾಲಿನಲ್ಲಿ ನಿಲ್ಲುತ್ತದೆ.

ನಿಮ್ಮನ್ನೂ ಸ್ವಲ್ಪ ಗದರಿಸಬೇಕಾಗಿದೆ. ರೀಚಾರ್ಜ್ ಮುಗಿದದ್ದು ಅವರಿಗೆ ಗೊತ್ತಾಗುವುದಿಲ್ಲ ಎಂದು ಬರೆದಿದ್ದೀರಿ. ಅವರಿಗೇಕೆ ಗೊತ್ತಾಗಬೇಕು? ಮೈಸೂರಿನಲ್ಲಿ ಕೂತ ನಿಮ್ಮ ಫೋನಿನಲ್ಲಿ ಅಲಾರಂ ಇಲ್ಲವೇ? ಮುಗಿಯುವ ತಾರೀಖಿಗೆ ಎರಡು ದಿನ ಮುಂಚೆ ಅದು ಹೊಡೆದುಕೊಳ್ಳಲಿ. ಹಾಕಿಸಿದ ಮೇಲೆ ಅವರ ನಂಬರಿಗೆ ಒಂದು ಕರೆ ಮಾಡಿ, ಅವರಿಂದಲೂ ತಿರುಗಿ ಮಾಡಿಸಿ. ಎರಡೂ ಕಡೆ ಹೋದರೆ ಮಾತ್ರ ಸರಿಯಾಗಿದೆಯೆಂದು ಅರ್ಥ. ಮೇನ್ ಬ್ಯಾಲೆನ್ಸಿನಲ್ಲಿ 20 ರೂಪಾಯಿ ಇದ್ದರೆ ಸಾಕಂತೆ ಎಂದು ಯಾರಾದರೂ ಹೇಳಿದರೆ ನಂಬಿ ಕೂರಬೇಡಿ. 90 ದಿನ ಬಳಸದೆ ಬಿಟ್ಟ ನಂಬರು ರದ್ದಾಗದಂತೆ ಉಳಿಸಲು ಮಾಡಿದ ನಿಯಮ ಅದು. ನಂಬರು ಉಳಿಯುತ್ತದೆ, ಕರೆ ಬರುವುದಿಲ್ಲ.

ಇಷ್ಟೆಲ್ಲ ಏಕೆ ಗುಟ್ಟಾಗಿರಬೇಕು ಎಂಬುದೇ ನನ್ನ ಸಂಕಟ. ತಿಂಗಳಿಗೆ 28 ದಿನವೆಂಬ ಪಂಚಾಂಗವನ್ನು ಇವರಿಗೆ ಬರೆದುಕೊಟ್ಟವರು ಯಾರೋ. ಜನ ದೂರಿದ ಮೇಲೆ 30 ದಿನದ್ದೊಂದು, ಪ್ರತಿ ತಿಂಗಳೂ ಅದೇ ತಾರೀಖಿಗೆ ಬರುವುದೊಂದು ಪ್ಯಾಕಾದರೂ ಇಡಿ ಎಂದು 2022ರಲ್ಲಿ ಟ್ರಾಯೇ ಆದೇಶಿಸಬೇಕಾಯಿತು. ಹಾಗಿದ್ದೂ ಆಪ್ ತೆರೆದರೆ ಎದುರಿಗೆ ಕಾಣುವುದು ಸಿನಿಮಾ, ಕ್ರಿಕೆಟ್ ಕಟ್ಟಿದ ದುಬಾರಿ ಪ್ಯಾಕು. ಕರೆ ಪ್ಯಾಕು ಕೆಳಗೆಲ್ಲೋ ಅವಿತಿರುತ್ತದೆ. ಬ್ಯಾಂಕು, ಗ್ಯಾಸು, ಪಿಂಚಣಿದಾರರ ಜೀವನ ಪ್ರಮಾಣ ಪತ್ರ ಎಲ್ಲವನ್ನೂ ಒಂದು ಮೊಬೈಲ್ ನಂಬರಿಗೆ ಕಟ್ಟಿಹಾಕಿರುವ ದೇಶದಲ್ಲಿ, ಆ ನಂಬರು ನಾಳೆ ನಿಲ್ಲುತ್ತದೆ ಎಂಬ ಒಂದು ಸಾಲನ್ನು ಕನ್ನಡದಲ್ಲಿ ಕಳಿಸಲು ಇವರಿಗೆ ಏನು ರೋಗ?

ಇನ್ನೊಂದು ಮಾತು. 2021ರಿಂದೀಚೆಗೆ ಪ್ರೀಪೇಯ್ಡಿನಿಂದ ಪೋಸ್ಟ್‌ಪೇಯ್ಡಿಗೆ ಒಂದು ಒಟಿಪಿಯಲ್ಲೇ ಬದಲಾಗಬಹುದು, ಸಿಮ್ಮೂ ಅದೇ ಇರುತ್ತದೆ. ಒಳ್ಳೆಯ ಸೌಲಭ್ಯವೇ. ಆದರೆ ಅಂಗಡಿಯ ಕೌಂಟರಿನಲ್ಲಿ “ಅಜ್ಜಾರೇ, ಆಫರ್ ಹಾಕ್ತೀನಿ, ನಂಬರ್ ಬಂತಾ ಹೇಳಿ” ಅಂದರೂ ಬದಲಾಗುತ್ತದೆ. ಯಾರು ಕೇಳಿದರೂ ಒಟಿಪಿ ಹೇಳಬೇಡಿ, ಮೊದಲು ನನಗೆ ಫೋನು ಮಾಡಿ ಎಂದು ಅಪ್ಪನಿಗೆ ಈ ಭಾನುವಾರ ಹೋದಾಗ ಹೇಳಿಬನ್ನಿ. ಅಣ್ಣನವರಿಗೆ ಮೇಲಿನ ಲೆಕ್ಕ ತೋರಿಸಿ. ಕೊಡಲೇಬೇಕೆಂಬ ಮನಸ್ಸಿದ್ದರೆ ಅಪ್ಪನ ವರ್ಷದ ಪ್ಯಾಕನ್ನು ಅವರೇ ಹಾಕಿಸಲಿ, ಅಮ್ಮನದನ್ನು ನೀವು ನೋಡಿಕೊಳ್ಳಿ.

— ಸಂಪಾದಕ